ರೆಸ್ಯೂಮೆಗೂ ಲಿಂಕ್ಡ್‌ಇನ್ ಪುಟಕ್ಕೂ ಒಂದೇ ಲೆಕ್ಕ: ಕುಮಾರಪಟ್ಟಣದ ಉದ್ಯೋಗಿಗಳಿಗೊಂದು ಮಾಹಿತಿ

ತುಂಗಭದ್ರೆಯ ದಡದಲ್ಲಿರುವ ಕುಮಾರಪಟ್ಟಣವು ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕಿಗೆ ಸೇರಿದೆ. ನದಿಯ ಆಚೆ ದಡದ ಹರಿಹರ ದಾವಣಗೆರೆ ಜಿಲ್ಲೆಯಲ್ಲಿದೆ. ಹಾವೇರಿ, ದಾವಣಗೆರೆಗಳೆರಡೂ ಪ್ರತ್ಯೇಕ ಜಿಲ್ಲೆಗಳಾದದ್ದು 1997ರಲ್ಲಿ. ಅದಕ್ಕೂ ಮುನ್ನ ಕುಮಾರಪಟ್ಟಣ ಧಾರವಾಡ ಜಿಲ್ಲೆಗೂ ಹರಿಹರ ಚಿತ್ರದುರ್ಗ ಜಿಲ್ಲೆಗೂ ಸೇರಿದ್ದವು. ಕುಮಾರಪಟ್ಟಣದಲ್ಲಿರುವ ಗ್ರಾಸಿಮ್ ಇಂಡಸ್ಟ್ರೀಸ್‌ನ ಘಟಕವೊಂದರ ಹೆಸರೇ ಹರಿಹರ ಪಾಲಿಫೈಬರ್ಸ್. ಕೃತಕ ನಾರು ತಯಾರಿಸುವ ಇನ್ನೊಂದು ಘಟಕ ಗ್ರಾಸಿಲೀನ್. ಆ ನಾರಿನ ವ್ಯಾಪಾರಿ ಹೆಸರು ಬಿರ್ಲಾ ಸೆಲ್ಯುಲೋಸ್. ಈ ಊರಿನವರಿಗೆ ಇವೆಲ್ಲ ಒಂದೇ ಆವರಣದ ಹೆಸರುಗಳು. ಬೆಂಗಳೂರಿನಲ್ಲಿ ಕುಳಿತು ಅರ್ಜಿ ಪರಿಶೀಲಿಸುವ ನೇಮಕಾತಿ ಅಧಿಕಾರಿಗೆ ಹಾಗಲ್ಲ. ರೆಸ್ಯೂಮೆಯಲ್ಲಿ ‘ಹರಿಹರ ಪಾಲಿಫೈಬರ್ಸ್, ಹರಿಹರ’ ಎಂದೂ ಲಿಂಕ್ಡ್‌ಇನ್ ಪುಟದಲ್ಲಿ ‘ಬಿರ್ಲಾ ಸೆಲ್ಯುಲೋಸ್, ಹಾವೇರಿ’ ಎಂದೂ ಕಂಡರೆ, ಅವರ ಪಾಲಿಗೆ ಅವು ಎರಡು ಬೇರೆ ಊರುಗಳ ಎರಡು ಬೇರೆ ಕಂಪನಿಗಳು.

ರೆಸ್ಯೂಮೆ ಮತ್ತು ಅಂತರ್ಜಾಲದ ವೃತ್ತಿಪರ ಪುಟಗಳ ನಡುವೆ ಕಾಣುವ ಬಹುಪಾಲು ವ್ಯತ್ಯಾಸಗಳು ಹುಟ್ಟುವುದು ಸುಳ್ಳಿನಿಂದಲ್ಲ. ಒಂದನ್ನು ಒಂದು ವರ್ಷ, ಇನ್ನೊಂದನ್ನು ಮತ್ತೊಂದು ವರ್ಷ, ಎರಡನ್ನೂ ನೆನಪಿನಿಂದ ಬರೆಯುವುದೇ ಅದಕ್ಕೆ ಕಾರಣ. ಆದರೆ ಓದುವವರಿಗೆ ಮರೆವು ಯಾವುದು, ವಂಚನೆ ಯಾವುದು ಎಂದು ತಿಳಿಯುವ ದಾರಿಯಿಲ್ಲ. ಅನುಮಾನ ಬಂದ ಅರ್ಜಿಯನ್ನು ಕಾರಣ ಹೇಳದೆಯೇ ಬದಿಗಿಡಲಾಗುತ್ತದೆ.

ಒಂದು ಉದಾಹರಣೆ

ಕುಮಾರಪಟ್ಟಣದ ಕಾರ್ಖಾನೆಯೊಂದರಲ್ಲಿ ದುಡಿಯುವ ಮೆಕ್ಯಾನಿಕಲ್ ಡಿಪ್ಲೊಮಾ ಪದವೀಧರರೊಬ್ಬರನ್ನು ಊಹಿಸಿಕೊಳ್ಳಬಹುದು. ಅವರು 2014ರ ಆಗಸ್ಟ್‌ನಿಂದ ಒಂದು ವರ್ಷ ಅಪ್ರೆಂಟಿಸ್ ಆಗಿದ್ದರು. 2015ರ ಅಕ್ಟೋಬರ್‌ನಿಂದ 2018ರ ಮಾರ್ಚ್‌ವರೆಗೆ ಅದೇ ಕಾರ್ಖಾನೆಯಲ್ಲಿ ಗುತ್ತಿಗೆದಾರರ ಮೂಲಕ ಕೆಲಸ ಮಾಡಿದರು. 2018ರ ಏಪ್ರಿಲ್‌ನಲ್ಲಿ ಕಂಪನಿಯೇ ಅವರನ್ನು ಕಿರಿಯ ಎಂಜಿನಿಯರ್ ಹುದ್ದೆಗೆ ನೇಮಿಸಿಕೊಂಡಿತು. 2021ರ ಜೂನ್‌ನಲ್ಲಿ ಎಂಜಿನಿಯರ್ ಹುದ್ದೆಗೆ ಬಡ್ತಿ ದೊರೆಯಿತು.

ಅವರ ರೆಸ್ಯೂಮೆಯಲ್ಲಿ ‘2014ರಿಂದ ಇಂದಿನವರೆಗೆ, ನಿರ್ವಹಣಾ ಎಂಜಿನಿಯರ್’ ಎಂದಿದೆ. ಲಿಂಕ್ಡ್‌ಇನ್ ಪುಟದಲ್ಲಿ ‘ಅಕ್ಟೋಬರ್ 2015ರಿಂದ, ನಿರ್ವಹಣಾ ವಿಭಾಗದ ಮುಖ್ಯಸ್ಥ’ ಎಂದಿದೆ. ಒಂದೇ ಗೇಟಿನೊಳಗೆ ಅಷ್ಟೂ ವರ್ಷ ಹೋಗಿ ಬಂದವರಿಗೆ ಎರಡೂ ನಿಜವೆನಿಸುವುದು ಸಹಜ. ದಾಖಲೆಗಳು ಮಾತ್ರ ಬೇರೆಯೇ ಹೇಳುತ್ತವೆ.

1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿ ಪಡೆಯುವವರು ಭವಿಷ್ಯ ನಿಧಿ ಕಾನೂನಿನ ದೃಷ್ಟಿಯಲ್ಲಿ ಉದ್ಯೋಗಿಗಳಲ್ಲ. ಆದ್ದರಿಂದ ಆ ಒಂದು ವರ್ಷ ಪಿಎಫ್ ಖಾತೆಯಲ್ಲಿ ಕಾಣುವುದೇ ಇಲ್ಲ. ಗುತ್ತಿಗೆಯ ಎರಡೂವರೆ ವರ್ಷಗಳ ವಂತಿಗೆ ಗುತ್ತಿಗೆದಾರ ಸಂಸ್ಥೆಯ ಹೆಸರಿನಲ್ಲಿ ಜಮೆಯಾಗಿದ್ದರೆ ಖಾತೆಯಲ್ಲಿ ಕಾಣುವುದೂ ಆ ಹೆಸರೇ. ಕಂಪನಿಯ ಹೆಸರು ಮೊದಲು ಕಾಣಿಸಿಕೊಳ್ಳುವುದು 2018ರ ಏಪ್ರಿಲ್‌ನಲ್ಲಿ. ಹಿನ್ನೆಲೆ ಪರಿಶೀಲಿಸುವವರು ನೇಮಕಾತಿ ಪತ್ರ, ಬಿಡುಗಡೆ ಪತ್ರಗಳ ಜೊತೆಗೆ ಈ ಖಾತೆಯ ವಿವರವನ್ನೂ ಕೇಳಿದಾಗ, ಮೂರೂವರೆ ವರ್ಷಕ್ಕೂ ಹೆಚ್ಚಿನ ಸೇವೆ ‘ಇಲ್ಲದ್ದು’ ಎಂದು ತೋರುತ್ತದೆ.

ಮೊದಲು ದಾಖಲೆ, ನಂತರ ಬರವಣಿಗೆ

ಇದಕ್ಕೆ ಪರಿಹಾರ ಒಂದೇ ಹಾಳೆಯ ಸೇವಾ ಪಟ್ಟಿ. ರೆಸ್ಯೂಮೆಯನ್ನು ನೋಡಿ ಲಿಂಕ್ಡ್‌ಇನ್ ಪುಟವನ್ನಾಗಲಿ, ಅದನ್ನು ನೋಡಿ ಇದನ್ನಾಗಲಿ ತಿದ್ದಬಾರದು. ಎರಡನ್ನೂ ಈ ಪಟ್ಟಿಯಿಂದಲೇ ಬರೆಯಬೇಕು. ಪಟ್ಟಿಯ ಪ್ರತಿ ಸಾಲಿನಲ್ಲಿ ಐದು ಅಂಶಗಳಿದ್ದರೆ ಸಾಕು: ಸಂಬಳ ಕೊಟ್ಟ ಸಂಸ್ಥೆಯ ನೋಂದಾಯಿತ ಹೆಸರು, ಕೆಲಸ ಮಾಡಿದ ಸ್ಥಳ, ಪತ್ರದಲ್ಲಿರುವ ಹುದ್ದೆಯ ಹೆಸರು, ಸೇರಿದ ಹಾಗೂ ಬಿಟ್ಟ ತಿಂಗಳು ಮತ್ತು ವರ್ಷ, ಅದಕ್ಕೆ ಆಧಾರವಾದ ಪತ್ರ.

ಪಿಎಫ್ ವಿವರಕ್ಕಾಗಿ ಇಪಿಎಫ್‌ಒ ಸದಸ್ಯರ ಜಾಲತಾಣದಲ್ಲಿ ಯುಎಎನ್ ಸಂಖ್ಯೆಯೊಂದಿಗೆ ಪ್ರವೇಶಿಸಿ Service History ನೋಡಬೇಕು. ಅಲ್ಲಿ ಸಂಸ್ಥೆಗಳ ಹೆಸರು, ಸೇರಿದ ಮತ್ತು ಬಿಟ್ಟ ದಿನಾಂಕಗಳು ಸಿಗುತ್ತವೆ. ಹುದ್ದೆಯ ಹೆಸರು ಸಿಗುವುದಿಲ್ಲ. ಹಳೆಯ ಸಂಸ್ಥೆಯವರು ಬಿಟ್ಟ ದಿನಾಂಕವನ್ನು ನಮೂದಿಸದಿದ್ದರೆ, ಒಬ್ಬರೇ ಎರಡು ಕಡೆ ಏಕಕಾಲದಲ್ಲಿ ದುಡಿದಂತೆ ತೋರುತ್ತದೆ. ಇದು ಸಣ್ಣ ವಿಷಯವಲ್ಲ. ಪ್ರತಿಸ್ಪರ್ಧಿ ಕಂಪನಿಗಳಲ್ಲೂ ಏಕಕಾಲಕ್ಕೆ ಕೆಲಸ ಮಾಡುತ್ತಿದ್ದ 300 ಮಂದಿಯನ್ನು ಕೈಬಿಟ್ಟಿರುವುದಾಗಿ ಬೆಂಗಳೂರಿನ ವಿಪ್ರೊ ಸಂಸ್ಥೆ 2022ರ ಸೆಪ್ಟೆಂಬರ್‌ನಲ್ಲಿ ತಿಳಿಸಿದ ಮೇಲೆ, ಒಂದರ ಮೇಲೊಂದು ಬೀಳುವ ದಿನಾಂಕಗಳು ಇನ್ನಷ್ಟು ಅನುಮಾನಕ್ಕೆ ಎಡೆಮಾಡುತ್ತವೆ. ಕೆಲಸ ಬಿಟ್ಟು ಎರಡು ತಿಂಗಳಾದ ಬಳಿಕ Mark Exit ಮೂಲಕ ಸದಸ್ಯರೇ ಆ ದಿನಾಂಕವನ್ನು ದಾಖಲಿಸಬಹುದು.

ತಿದ್ದಿದ ಮೇಲೆ ಹೇಗಿರಬೇಕು?

ಮೇಲಿನ ಉದಾಹರಣೆಯ ಉದ್ಯೋಗಿ ಈಗ ಒಂದರ ಬದಲು ಮೂರು ನಮೂದುಗಳನ್ನು ಬರೆಯಬೇಕಾಗುತ್ತದೆ. ಮೊದಲನೆಯದು ಅಪ್ರೆಂಟಿಸ್ ಅವಧಿ. ಲಿಂಕ್ಡ್‌ಇನ್‌ನಲ್ಲಿ Employment type ಎಂಬಲ್ಲಿ Apprenticeship ಆಯ್ಕೆ ಇದೆ. ಎರಡನೆಯದು ಗುತ್ತಿಗೆದಾರ ಸಂಸ್ಥೆಯ ಹೆಸರಿನಲ್ಲಿ. ವಿವರಣೆಯ ಮೊದಲ ಸಾಲಿನಲ್ಲೇ ‘ಕೆಲಸದ ಸ್ಥಳ: ಇಂತಹ ಕಂಪನಿಯ ಕುಮಾರಪಟ್ಟಣ ಘಟಕ’ ಎಂದು ಬರೆದರೆ ಅನುಭವದ ಮೌಲ್ಯ ಕುಂದುವುದಿಲ್ಲ. ಮೂರನೆಯದು ಕಂಪನಿಯ ನೇರ ಸೇವೆ. ಅದರೊಳಗೆ ಕಿರಿಯ ಎಂಜಿನಿಯರ್ ಮತ್ತು ಎಂಜಿನಿಯರ್ ಹುದ್ದೆಗಳು ಬೇರೆ ಬೇರೆ ದಿನಾಂಕಗಳೊಂದಿಗೆ ಇರಬೇಕು. ರೆಸ್ಯೂಮೆಯಲ್ಲಿಯೂ ಇದೇ ಕ್ರಮ, ಇದೇ ಕಾಗುಣಿತ. ಘಟಕದ ಹೆಸರು ಬೇಕೆನಿಸಿದರೆ ಕಂಪನಿಯ ಹೆಸರಿನ ನಂತರ ಬರಲಿ.

ಪತ್ರದಲ್ಲಿರುವ ಹುದ್ದೆಯ ಹೆಸರು ಕೆಲವೊಮ್ಮೆ ಮಾಡುವ ಕೆಲಸವನ್ನು ತಿಳಿಸುವುದಿಲ್ಲ. ಆಗಲೂ ಶೀರ್ಷಿಕೆಯಲ್ಲಿ ಪತ್ರದ ಹೆಸರನ್ನೇ ಉಳಿಸಿಕೊಂಡು, ‘ಪಾಳಿಯ ನಿರ್ವಹಣಾ ತಂಡದ ಹೊಣೆ’ ಎಂದು ಕೆಳಗೆ ವಿವರಿಸುವುದು ಕ್ಷೇಮ. ‘ಮುಖ್ಯಸ್ಥ’ ಎಂಬ ಪದವನ್ನು ಕಂಪನಿಯ ಸಿಬ್ಬಂದಿ ವಿಭಾಗ ಅನುಮೋದಿಸುವುದಿಲ್ಲ. ಪರಿಶೀಲಕರು ಕೇಳುವುದು ಆ ವಿಭಾಗವನ್ನೇ.

ಸಾಧನೆಗಳ ವಿಷಯದಲ್ಲಿ ಅಂಕಿಗಿಂತ ಹೆಚ್ಚಾಗಿ ಕೈಕೊಡುವುದು ಕ್ರಿಯಾಪದ. ರೆಸ್ಯೂಮೆಯಲ್ಲಿ ‘ಉಗಿಯ ಬಳಕೆ ತಗ್ಗಿಸಿದ ನಾಲ್ವರ ತಂಡದಲ್ಲಿದ್ದೆ’ ಎಂದು ಬರೆದವರು ಲಿಂಕ್ಡ್‌ಇನ್ ಪುಟದಲ್ಲಿ ‘ಉಗಿಯ ಬಳಕೆ ತಗ್ಗಿಸಿದೆ’ ಎಂದರೆ, ಸಂದರ್ಶನದ ಮೊದಲ ಪ್ರಶ್ನೆ ಅಲ್ಲಿಂದಲೇ ಏಳುತ್ತದೆ. ಯಾವ ಯಂತ್ರ, ಯಾವ ಅವಧಿ, ತನ್ನ ಪಾಲೆಷ್ಟು ಎಂಬ ಮೂರಕ್ಕೂ ಎರಡೂ ಕಡೆ ಒಂದೇ ಉತ್ತರವಿರಬೇಕು.

ಎಷ್ಟು ವ್ಯತ್ಯಾಸ ಸಹ್ಯ?

ರೆಸ್ಯೂಮೆ ಚಿಕ್ಕದಾಗಿದ್ದು ಲಿಂಕ್ಡ್‌ಇನ್ ಪುಟ ವಿಸ್ತಾರವಾಗಿರಬಹುದು. ಹಳೆಯ ಕೆಲಸವೊಂದನ್ನು ರೆಸ್ಯೂಮೆಯಲ್ಲಿ ಬಿಟ್ಟಿರುವುದೂ ತಪ್ಪಲ್ಲ. ಕೆಲವು ದಿನಗಳ ಅಂತರವೂ ಸಾಮಾನ್ಯವಾಗಿ ತೊಡಕಾಗದು. ಆದರೆ ಎರಡೂ ಕಡೆ ಇರುವ ನಮೂದಿನ ತಿಂಗಳು, ಹುದ್ದೆ ಅಥವಾ ಪದವಿ ಬೇರೆಯಾಗಿರಬಾರದು. ಯಾಹೂ ಸಂಸ್ಥೆಯ ಮುಖ್ಯಸ್ಥರಾಗಿದ್ದ ಸ್ಕಾಟ್ ಥಾಂಪ್ಸನ್ ಅವರ ಪರಿಚಯದಲ್ಲಿ ಲೆಕ್ಕಶಾಸ್ತ್ರದ ಜೊತೆ ಕಂಪ್ಯೂಟರ್ ವಿಜ್ಞಾನದ ಪದವಿಯನ್ನೂ ಸೇರಿಸಲಾಗಿತ್ತು. ಅವರ ಪದವಿ ಲೆಕ್ಕಶಾಸ್ತ್ರದಲ್ಲಿ ಮಾತ್ರ ಎಂಬುದನ್ನು ಷೇರುದಾರ ಸಂಸ್ಥೆಯೊಂದು ಬಯಲಿಗೆಳೆದ ಕೆಲವೇ ದಿನಗಳಲ್ಲಿ, 2012ರ ಮೇ ತಿಂಗಳಲ್ಲಿ, ಅವರು ಹುದ್ದೆ ತೊರೆಯಬೇಕಾಯಿತು. ಅಧಿಕಾರ ವಹಿಸಿಕೊಂಡು ಆಗಿನ್ನೂ ಐದು ತಿಂಗಳೂ ತುಂಬಿರಲಿಲ್ಲ.

ಲಿಂಕ್ಡ್‌ಇನ್ ಪುಟ ತಿದ್ದುವಾಗ Notify network ಆಯ್ಕೆಯನ್ನು ನಿಲ್ಲಿಸದಿದ್ದರೆ, ಹಳೆಯ ದಿನಾಂಕದ ತಿದ್ದುಪಡಿಯೂ ಹೊಸ ನೌಕರಿಯ ಸುದ್ದಿಯಂತೆ ಪರಿಚಿತರಿಗೆ ತಲುಪೀತು. ನೌಕ್ರಿಯಂತಹ ತಾಣಗಳಲ್ಲಿ ಉಳಿದಿರುವ ಹಳೆಯ ರೆಸ್ಯೂಮೆಯನ್ನೂ ಅದೇ ದಿನ ಬದಲಿಸಬೇಕು. ಈಗಾಗಲೇ ಅರ್ಜಿ ಸಲ್ಲಿಸಿದ್ದಲ್ಲಿ, ಯಾವ ದಿನಾಂಕ ತಿದ್ದಲಾಗಿದೆ, ಯಾವ ದಾಖಲೆಯ ಆಧಾರದ ಮೇಲೆ ಎಂಬುದನ್ನು ಒಂದೇ ಸಾಲಿನಲ್ಲಿ ತಿಳಿಸಿ ಹೊಸ ಪ್ರತಿ ಕಳುಹಿಸಬೇಕು. ನೇಮಕದ ಸಂದರ್ಭದಲ್ಲಿ ‘ಮೇಲಿನ ವಿವರಗಳು ಸತ್ಯ’ ಎಂಬ ಘೋಷಣೆಗೆ ಸಹಿ ಬಿದ್ದಿದ್ದರೆ, ನಂತರ ಸಿಕ್ಕ ವ್ಯತ್ಯಾಸ ಕೆಲಸಕ್ಕೆ ಸೇರಿದ ಮೇಲೂ ವಜಾಕ್ಕೆ ಕಾರಣವಾಗಬಲ್ಲದು. ಸಹಿಗೆ ಮುನ್ನ ತಾನಾಗಿ ಮಾಡಿದ ತಿದ್ದುಪಡಿಗೆ ಆ ಅಪಾಯವಿಲ್ಲ.