ಊಹೆಯ ಬಾಡಿಗೆ, ನಿಜವಾದ ಗಂದಾಯ: ಊರಿನ ತೆರಿಗೆ ಎಲ್ಲಿ ಸೋರುತ್ತದೆ?

ನಮ್ಮ ಪಂಚಾಯಿತಿ ಪಟ್ಟಣ ಪಂಚಾಯಿತಿ ಆಗುತ್ತದೆ ಅಂದ ಕೂಡಲೇ ಹೋಟೆಲ್ ಕಟ್ಟೆಯ ಮೇಲೆ ಏಳುವ ಮೊದಲ ಪ್ರಶ್ನೆ, ‘ಮನೆಗಂದಾಯ ಎಷ್ಟಾಗುತ್ತೆ?’ ಎಷ್ಟು ಅನ್ನುವುದಕ್ಕಿಂತ ಹೇಗೆ ಲೆಕ್ಕ ಹಾಕುತ್ತಾರೆ ಅನ್ನುವುದು ದೊಡ್ಡ ಪ್ರಶ್ನೆ. ಪುರಸಭೆ, ನಗರಸಭೆಗಳ ಖಜಾನೆ ಖಾಲಿ ಇದ್ದರೆ ‘ಜನ ಕಟ್ಟಲ್ಲ’ ಅಂತ ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಬಹಳ ಕಡೆ ದುಡ್ಡು ಸೋರಿರುವುದು ಬಿಲ್ ಕಲೆಕ್ಟರ್ ಮನೆಬಾಗಿಲಿಗೆ ಬರುವ ಮೊದಲೇ, ಲೆಕ್ಕದ ಪುಸ್ತಕದಲ್ಲೇ.

ಹಳೆಯ ಲೆಕ್ಕ ಬ್ರಿಟಿಷರ ಕಾಲದ್ದು. ಇಂಗ್ಲೆಂಡಿನಲ್ಲಿ 1836ರ ಒಂದು ಕಾಯ್ದೆ ಮನೆಯ ಮೌಲ್ಯಕ್ಕೆ ಒಂದು ಅಳತೆ ಕೊಟ್ಟಿತ್ತು: ಈ ಮನೆಯನ್ನು ಬಾಡಿಗೆಗೆ ಬಿಟ್ಟರೆ ವರ್ಷಕ್ಕೆ ಎಷ್ಟು ಬರಬಹುದು? ಬಂದ ಬಾಡಿಗೆಯಲ್ಲ, ಬರಬಹುದಾದ ಬಾಡಿಗೆ. ಅದೇ ಅಳತೆ ನಮ್ಮ ನಗರಗಳ ಕಾಯ್ದೆಗಳಿಗೂ ಬಂತು. ಅದನ್ನೇ ವಾರ್ಷಿಕ ಬಾಡಿಗೆ ಮೌಲ್ಯ ಅಂದರು. ಅದರ ಮೇಲೆ ಶೇಕಡಾ ಇಷ್ಟು ಅಂತ ತೆರಿಗೆ.

ಕೇಳಲು ನ್ಯಾಯವಾಗಿಯೇ ಇದೆ. ಆದರೆ ಮಾಲೀಕನೇ ವಾಸವಿರುವ ಮನೆಗೆ ಬಾಡಿಗೆ ಎಷ್ಟು ಅಂತ ಯಾರು ಹೇಳಬೇಕು? ಕಂದಾಯ ನಿರೀಕ್ಷಕ ಬಂದು ನೋಡಿ ಬರೆಯಬೇಕು. ಅವನು ಬರೆದದ್ದೇ ಮೌಲ್ಯ. ಪಕ್ಕಪಕ್ಕದ ಎರಡು ಮನೆ, ಒಂದೇ ಅಳತೆ, ಒಂದೇ ಬೀದಿ, ತೆರಿಗೆ ಮಾತ್ರ ಬೇರೆ ಬೇರೆ. ಒಂದು ಮನೆಗೆ ಹೋದ ವರ್ಷ ಅಳತೆ ಆಗಿದೆ, ಇನ್ನೊಂದಕ್ಕೆ ಇಪ್ಪತ್ತು ವರ್ಷದ ಹಿಂದೆ ಆದದ್ದೇ ಇದೆ. ನಡುವೆ ಚಹಾ, ತಿಂಡಿ, ಲಕೋಟೆಗೂ ಜಾಗ ಇತ್ತು ಅಂತ ಬಿಡಿಸಿ ಹೇಳಬೇಕಿಲ್ಲ. ಹೆಚ್ಚು ಬಿದ್ದವನು ಆಕ್ಷೇಪಣೆ ಹಾಕುತ್ತಿದ್ದ, ಮೇಲ್ಮನವಿಗೆ ಹೋಗುತ್ತಿದ್ದ, ತೀರ್ಮಾನ ಆಗುವ ತನಕ ಕಟ್ಟುತ್ತಿರಲಿಲ್ಲ.

ಇದರ ಮೇಲೆ ಇನ್ನೊಂದು ಬೀಗ ಬಿತ್ತು. ಬಾಡಿಗೆದಾರರನ್ನು ಕಾಪಾಡಲು ರಾಜ್ಯಗಳು ಬಾಡಿಗೆ ನಿಯಂತ್ರಣ ಕಾಯ್ದೆ ತಂದಿದ್ದವು. ನಮ್ಮ ಹಳೇ ಮೈಸೂರು ರಾಜ್ಯದಲ್ಲೂ 1951ರಲ್ಲಿ ಬಂತು. ಕಾನೂನು ಒಪ್ಪುವ ಬಾಡಿಗೆಗಿಂತ ಹೆಚ್ಚು ಬಾಡಿಗೆ ‘ಬರಬಹುದು’ ಅಂತ ನಗರಪಾಲಿಕೆ ಊಹಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಕಲ್ಕತ್ತಾ ಪಾಲಿಕೆಯ ಪ್ರಕರಣದಲ್ಲಿ ಹೇಳಿತು. ನಂತರ ದೆಹಲಿಯ ದಿವಾನ್ ದೌಲತ್ ರಾಯ್ ಕಪೂರ್ ಪ್ರಕರಣದಲ್ಲಿ ಇನ್ನೂ ಮುಂದೆ ಹೋಗಿ, ಆ ಕಾಯ್ದೆಯ ಕೆಳಗೆ ಬಾಡಿಗೆ ಯಾರೂ ನಿಗದಿ ಮಾಡಿಸಿಲ್ಲದಿದ್ದರೂ ಅದರ ಲೆಕ್ಕವೇ ಮಿತಿ ಎಂದಿತು. ಬಾಡಿಗೆದಾರನಿಗೆ ಕೊಟ್ಟ ರಕ್ಷಣೆ ಹೀಗೆ ಮಾಲೀಕನ ತೆರಿಗೆಗೂ ಸಿಕ್ಕಿತು. ಪೇಟೆಯಲ್ಲಿ ಬಾಡಿಗೆ ಹತ್ತುಪಟ್ಟು ಏರಿದರೂ ಪುಸ್ತಕದಲ್ಲಿ ಹಳೆಯ ಅಂಕಿಯೇ ಕೂತಿತ್ತು. ಮೌಲ್ಯ ಏರದಿದ್ದಾಗ ಪಾಲಿಕೆಗಳು ಶೇಕಡಾವಾರು ದರ ಏರಿಸುತ್ತಾ ಹೋದವು. ಪಟ್ನಾದಲ್ಲಿ ಅದು ಶೇ 43.75ಕ್ಕೆ ಮುಟ್ಟಿತ್ತು. ದರ ಹಾಗಿದ್ದರೆ ಮೌಲ್ಯ ಮುಚ್ಚಿಡುವ ಆಸೆ ಯಾರಿಗೆ ಬರುವುದಿಲ್ಲ?

ದಾರಿ ತೋರಿಸಿದ್ದೂ ಅದೇ ಪಟ್ನಾ. 1993ರಲ್ಲಿ ಅಲ್ಲಿ ನಿರೀಕ್ಷಕನ ಊಹೆಯನ್ನು ಪಕ್ಕಕ್ಕಿಟ್ಟು ಮೂರೇ ವಿಷಯ ನೋಡಿದರು: ಮನೆ ಯಾವ ರಸ್ತೆಯಲ್ಲಿದೆ, ಯಾವುದಕ್ಕೆ ಬಳಸುತ್ತಾರೆ, ಕಟ್ಟಿದ್ದು ಹೇಗೆ. ಅದಕ್ಕೆ ತಕ್ಕಂತೆ ಚದರಡಿಗೆ ಇಷ್ಟು ಅಂತ ಪಟ್ಟಿ. ತೆರಿಗೆ ದರವನ್ನು ಶೇ 9ಕ್ಕೆ ಇಳಿಸಿದರು. ಹೈಕೋರ್ಟ್ ಒಪ್ಪಲಿಲ್ಲ, 1995ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಬೆಂಗಳೂರಿಗೆ ಆ ಗಾಳಿ 2000ದಲ್ಲಿ ಬಂತು. ಆಗಿನ ಮಹಾನಗರ ಪಾಲಿಕೆ ‘ಸ್ವಯಂ ಘೋಷಣೆ’ ಪದ್ಧತಿ ತಂದಿತು. ನೋಂದಣಿ ಇಲಾಖೆಯ ಮಾರ್ಗಸೂಚಿ ಬೆಲೆ ನೋಡಿ ನಗರವನ್ನು ಆರು ವಲಯ ಮಾಡಿ, ಚದರಡಿ ದರ ಪ್ರಕಟಿಸಿ, ನಿಮ್ಮ ಲೆಕ್ಕ ನೀವೇ ಹಾಕಿ ಕಟ್ಟಿ ಅಂದಿತು. ಮೊದಲಿಗೆ ಕಡ್ಡಾಯ ಇರಲಿಲ್ಲ, ಬೇಕಾದವರು ಹಳೆಯ ಪದ್ಧತಿಯಲ್ಲೇ ಉಳಿಯಬಹುದಿತ್ತು. ಆದರೂ ಜನ ಬಂದರು, ಸಂಗ್ರಹ ಏರಿತು. ನಿರೀಕ್ಷಕನ ಮುಖ ನೋಡದೆ ಕಟ್ಟಬಹುದು ಅನ್ನುವುದೇ ಅನೇಕರಿಗೆ ದೊಡ್ಡ ಬಿಡುಗಡೆ. 2008ರಿಂದ ಬಿಬಿಎಂಪಿ ಇದನ್ನೇ ಚದರಡಿ ಮೌಲ್ಯ ಪದ್ಧತಿಯಾಗಿ ಮುಂದುವರಿಸಿತು.

ಆ ಲೆಕ್ಕ ಹೀಗೆ. 1,000 ಚದರಡಿ ಮನೆ, ತಿಂಗಳಿಗೆ ಚದರಡಿ ದರ 2 ರೂಪಾಯಿ ಅಂತ ಇಟ್ಟುಕೊಳ್ಳಿ. ತಿಂಗಳಿಗೆ 2,000. ವರ್ಷಕ್ಕೆ ಹನ್ನೆರಡಲ್ಲ, ಹತ್ತು ತಿಂಗಳು ಹಿಡಿಯುತ್ತಾರೆ, 20,000. ಹಳೆಯ ಕಟ್ಟಡಕ್ಕೆ ಸವಕಳಿ ಕಳೆಯುತ್ತಾರೆ, ಇಲ್ಲಿ ಬಿಡೋಣ. ಶೇ 20ರಂತೆ ತೆರಿಗೆ 4,000. ಅದರ ಮೇಲೆ ಉಪಕರ. ಅದೇ ಮನೆಯ ದರ 1 ರೂಪಾಯಿಯ ವಲಯದಲ್ಲಿದೆ ಅಂತ ಬರೆದುಕೊಂಡರೆ ತೆರಿಗೆ 2,000ಕ್ಕೆ ಇಳಿಯುತ್ತದೆ. ಒಂದು ಅಕ್ಷರ ಬದಲಾದರೆ ಅರ್ಧ ತೆರಿಗೆ ಮಾಯ.

ಇದೇ ಈ ಪದ್ಧತಿಯ ತೂತು. 2016ರಲ್ಲಿ ಬೆಂಗಳೂರಿನ ವಲಯಗಳು ಬದಲಾದ ಮೇಲೂ ಬಹಳ ಜನ ಹಳೆಯ ವಲಯದಲ್ಲೇ ಕಟ್ಟುತ್ತಾ ಬಂದರು. ವರ್ಷಗಳ ನಂತರ, 2021ರಲ್ಲಿ, ಸುಮಾರು 78 ಸಾವಿರ ಮಾಲೀಕರಿಗೆ ಬಾಕಿ, ಬಡ್ಡಿ, ದಂಡದ ನೋಟಿಸ್ ಹೋಯಿತು. ಆನ್‌ಲೈನ್ ವ್ಯವಸ್ಥೆಯೇ ತಪ್ಪು ವಲಯವನ್ನು ಒಪ್ಪಿಕೊಂಡು ರಸೀದಿ ಕೊಟ್ಟಿತ್ತಲ್ಲ ಅಂತ ಜನ ಕೇಳಿದರು. ಅವರ ಮಾತಲ್ಲಿ ನ್ಯಾಯ ಇತ್ತು ಅಂತ ನನಗೆ ಅನ್ನಿಸುತ್ತದೆ. ‘ನೀವೇ ಹೇಳಿ’ ಅಂದವರು ಹೇಳಿದ್ದನ್ನು ಆ ವರ್ಷವೇ ತಾಳೆ ನೋಡಬೇಕಿತ್ತು.

ಇನ್ನು ನಮ್ಮ ಸಣ್ಣ ಊರುಗಳ ಕಡೆ ಬರೋಣ. ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ 2002ರ ಹೊತ್ತಿಗೆ ಸ್ವಯಂ ಘೋಷಣೆ ಬಂತು, ಆದರೆ ಬಾಡಿಗೆಯ ದಾರಿಯಲ್ಲಿ ಅಲ್ಲ. ಇಲ್ಲಿ ನೋಡುವುದು ಜಾಗ ಮತ್ತು ಕಟ್ಟಡದ ಬೆಲೆ. ಆಗ ಮಾರ್ಗಸೂಚಿ ಬೆಲೆಯ ಅರ್ಧ ಹಿಡಿದು ಅದರ ಮೇಲೆ ತೆರಿಗೆ ಹಾಕುತ್ತಿದ್ದರು. ಬಾಡಿಗೆಗೆ ಬಿಡುವ ರೂಢಿಯೇ ಕಡಿಮೆ ಇರುವ ಊರಿಗೆ ಇದೇ ಸರಿ, ಯಾಕೆಂದರೆ ಸೈಟಿನ ಬೆಲೆ ಉಪನೋಂದಣಿ ಕಚೇರಿಯ ಪಟ್ಟಿಯಲ್ಲಿ ಸಿಗುತ್ತದೆ. ಆದರೆ ಇಲ್ಲೂ ಅಂಕಿ ಹೆಪ್ಪುಗಟ್ಟಿತು. 2005-06ರ ಬೆಲೆಯನ್ನೇ ಬುನಾದಿ ಮಾಡಿಕೊಂಡು ಮೂರು ವರ್ಷಕ್ಕೊಮ್ಮೆ ಕನಿಷ್ಠ ಶೇ 15 ಏರಿಸುತ್ತಾ ಹೋದರು. 100 ರೂಪಾಯಿ ತೆರಿಗೆ ಹಾಗೆ ಐದು ಸಲ ಏರಿದರೆ, ಹದಿನೈದು ವರ್ಷದ ಮೇಲೆ 201 ರೂಪಾಯಿ. ಅಷ್ಟರಲ್ಲಿ ಹೆದ್ದಾರಿ ಪಕ್ಕದ ಸೈಟಿನ ಬೆಲೆ ಎಲ್ಲಿಗೆ ಹೋಗಿತ್ತು ಅಂತ ನಿಮಗೇ ಗೊತ್ತು. ಹೆದ್ದಾರಿಯ ಶೋರೂಮಿಗೂ ಹಿಂದಿನ ಓಣಿಯ ಹೆಂಚಿನ ಮನೆಗೂ ಒಂದೇ ಶೇ 15. ಬೆಲೆ ಏರಿದವನಿಗೆ ಲಾಭ, ಏರದವನಿಗೆ ಭಾರ.

2020ರಲ್ಲಿ ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೆಚ್ಚುವರಿ ಸಾಲ ಬೇಕಿದ್ದರೆ ತೆರಿಗೆಯನ್ನು ಚಾಲ್ತಿ ಮಾರ್ಗಸೂಚಿ ಬೆಲೆಗೆ ಹೊಂದಿಸಿ ಎಂದು ಷರತ್ತು ಹಾಕಿತು. 2021ರಲ್ಲಿ ಕರ್ನಾಟಕವೂ ಕಾಯ್ದೆ ತಿದ್ದಿತು. ಹಾಗಾಗಿ ಈಗ ಉಪನೋಂದಣಿ ಕಚೇರಿಯಲ್ಲಿ ಬೆಲೆ ಪಟ್ಟಿ ಬದಲಾದರೆ ಅದು ಸೈಟು ಕೊಳ್ಳುವವನ ತಲೆನೋವು ಮಾತ್ರವಲ್ಲ, ಇದ್ದ ಮನೆಯಲ್ಲೇ ಇರುವವರ ಗಂದಾಯಕ್ಕೂ ತಾಗುತ್ತದೆ.

ನಿಮ್ಮ ಊರು ಪಟ್ಟಣದ ವ್ಯಾಪ್ತಿಗೆ ಸೇರಿದ್ದರೆ ರಸೀದಿಯನ್ನು ಒಮ್ಮೆ ತೆಗೆದು ನೋಡಿ. ಸೈಟಿನ ಅಳತೆ, ಕಟ್ಟಡದ ಅಳತೆ, ವಾಸಕ್ಕೋ ಅಂಗಡಿಗೋ, ಯಾವ ರಸ್ತೆಯ ಬೆಲೆ ಹಿಡಿದಿದ್ದಾರೆ, ಈ ನಾಲ್ಕು ಸಾಕು. ಮಾರ್ಗಸೂಚಿ ಪಟ್ಟಿಯಲ್ಲಿ ಮುಖ್ಯರಸ್ತೆಗೆ ಒಂದು ಬೆಲೆ, ಒಳರಸ್ತೆಗೆ ಒಂದು ಬೆಲೆ ಇರುತ್ತದೆ. ಒಳಗಿನ ಮನೆಗೆ ಮುಖ್ಯರಸ್ತೆಯ ಬೆಲೆ ಬಿದ್ದಿದ್ದರೆ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಮುಖ್ಯರಸ್ತೆಯ ಕಟ್ಟಡಕ್ಕೆ ಒಳರಸ್ತೆಯ ಬೆಲೆ ಬಿದ್ದಿದ್ದರೆ ಯಾರೂ ಅರ್ಜಿ ಕೊಡುವುದಿಲ್ಲ. ಪುರಸಭೆಯ ದುಡ್ಡು ಹೆಚ್ಚಾಗಿ ಹೋಗುವುದು ಅಲ್ಲೇ.