ಕೇಸರಿ ಬೇಳೆ ಮತ್ತು ಲಗಾಮು ಕಳಚಿದ ಕಾಲು

ಮಧ್ಯಪ್ರದೇಶದ ರೀವಾ ಸೀಮೆಯ ಜೀತದಾಳುಗಳಿಗೆ ಕೂಲಿಯಾಗಿ ಸಿಗುತ್ತಿದ್ದುದು ಕೇಸರಿ ಬೇಳೆ. ತಿಂಗಳುಗಟ್ಟಲೆ ಅದನ್ನೇ ಉಂಡ ಕೆಲವರ ಕಾಲುಗಳು ಸೆಟೆದು, ಕತ್ತರಿಯಂತೆ ಅಡ್ಡಹಾಯತೊಡಗಿದವು. 1960ರ ದಶಕದಲ್ಲಿ ಈ ಲ್ಯಾಥಿರಿಸಂ ರೋಗವನ್ನು ಸಿ. ಗೋಪಾಲನ್ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ, ಈಗಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ, ಅಧ್ಯಯನ ಮಾಡಿದರು.

ನಮ್ಮ ಸ್ನಾಯುಗಳೊಳಗೆ ಕದಿರಿನಾಕಾರದ ಪುಟ್ಟ ಅಂಗಗಳಿವೆ. ಸ್ನಾಯು ಹಿಗ್ಗಿದೊಡನೆ ಅವು ಬೆನ್ನುಹುರಿಗೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ಅದೇ ಸ್ನಾಯುವಿಗೆ ಕುಗ್ಗುವ ಆಜ್ಞೆ ಬರುತ್ತದೆ. ಮೊಣಕಾಲ ಚಿಪ್ಪಿನ ಕೆಳಗೆ ತಟ್ಟಿದರೆ ಕಾಲು ನೆಗೆಯುವುದು ಹೀಗೆ. ಸ್ನಾಯುರಜ್ಜುವಿನಲ್ಲಿರುವ ಅಂಗಗಳು ಅಳೆಯುವುದು ಉದ್ದವನ್ನಲ್ಲ, ಎಳೆತದ ಬಲವನ್ನು.

ಮಿದುಳಿನಿಂದ ಇಳಿಯುವ ನರತಂತುಗಳು ಈ ನೆಗೆತಕ್ಕೆ ಲಗಾಮು. ಕೇಸರಿ ಬೇಳೆಯ ವಿಷ ಕೆಡಿಸುವುದು ಆ ಲಗಾಮನ್ನು, ಕದಿರುಗಳನ್ನಲ್ಲ. ಹಾಗಾಗಿ ರೋಗಿಯ ಮೊಣಕಾಲು ವಿಪರೀತ ಜೋರಾಗಿ ನೆಗೆಯುತ್ತದೆ. ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿ ಹಿಡಿದರೆ ಪಟಪಟ ಅದುರುತ್ತದೆ. ಆದರೆ ಕಣ್ಣು ಮುಚ್ಚಿಸಿ ಹೆಬ್ಬೆರಳನ್ನು ಸರಿಸಿದರೆ, ಮೇಲಕ್ಕೋ ಕೆಳಕ್ಕೋ ಎಂದು ಆತ ಸರಿಯಾಗಿ ಹೇಳುತ್ತಾನೆ. ಕದಿರುಗಳ ಸುದ್ದಿ ಮಿದುಳಿಗೆ ಏರುವ ದಾರಿ ಬೇರೆ, ಅದು ಉಳಿದಿದೆ. ತನ್ನ ಕಾಲು ಎಲ್ಲಿದೆಯೆಂದು ಆತನಿಗೆ ಗೊತ್ತು, ಅದು ಮಾತು ಕೇಳುವುದಿಲ್ಲ.

ಆ ವಿಷವನ್ನು 1964ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾವ್, ಅಡಿಗ, ಶರ್ಮ ಬೇರ್ಪಡಿಸಿದರು. ಬೇಳೆಯನ್ನು ಬಿಸಿನೀರಿನಲ್ಲಿ ನೆನೆಸಿ, ನೀರು ಚೆಲ್ಲಿದರೆ ಅದರ ಬಹುಪಾಲು ಹೋಗುತ್ತದೆಂದು ಹೈದರಾಬಾದಿನವರು ತೋರಿಸಿದರು. ಒಮ್ಮೆ ಸತ್ತ ನರತಂತು ಮಾತ್ರ ಮರಳುವುದಿಲ್ಲ.