ಜೆಪೆಗ್ ಚಿತ್ರ ಪಿಎನ್‌ಜಿ ಆದರೂ ಗುಣಮಟ್ಟ ಹೆಚ್ಚದೇಕೆ?

ಮದುವೆ ಆಲ್ಬಮ್‌ನ ನೂರಾರು ಜೆಪೆಗ್ ಚಿತ್ರಗಳನ್ನು ಒಮ್ಮೆಲೇ ಪಿಎನ್‌ಜಿಗೆ ಪರಿವರ್ತಿಸಿದರೆ ಅವು ಇನ್ನಷ್ಟು ಸ್ಪಷ್ಟವಾಗುತ್ತವೆ ಎಂಬ ನಂಬಿಕೆ ಹಲವರಲ್ಲಿದೆ. ವಾಸ್ತವದಲ್ಲಿ ಹೆಚ್ಚುವುದು ಕಡತದ ಗಾತ್ರ ಮಾತ್ರ.

ಜೆಪೆಗ್ ವಿಧಾನವು ಚಿತ್ರವನ್ನು ಉದ್ದಗಲ 8 ಪಿಕ್ಸೆಲ್‌ಗಳ ಚೌಕಗಳಾಗಿ ವಿಂಗಡಿಸಿ, ಕಣ್ಣಿಗೆ ಸುಲಭವಾಗಿ ಗೋಚರಿಸದ ಸೂಕ್ಷ್ಮ ವಿವರಗಳನ್ನು ಕೈಬಿಡುತ್ತದೆ. ಹಾಗೆ ಕೈಬಿಟ್ಟದ್ದು ಕಡತದಲ್ಲಿ ಎಲ್ಲಿಯೂ ಉಳಿದಿರುವುದಿಲ್ಲ. ಪಿಎನ್‌ಜಿ ಏನನ್ನೂ ಕಳೆಯದು, ನಿಜ. ಆದರೆ ತನಗೆ ದೊರೆತದ್ದನ್ನಷ್ಟೇ ಕಾಪಾಡುತ್ತದೆ. ಚೌಕಗಳ ಗುರುತು, ಅಂಚುಗಳ ಸುತ್ತಲಿನ ಮಸುಕು ಕಲೆ ಎಲ್ಲವನ್ನೂ ಯಥಾವತ್ತಾಗಿ! ಎರಡೂ ಕಡತಗಳನ್ನು ನಾಲ್ಕು ಪಟ್ಟು ಹಿಗ್ಗಿಸಿ ನೋಡಿದರೆ ಅದೇ ಕಲೆಗಳು ಅದೇ ಜಾಗದಲ್ಲಿ ಕಾಣುತ್ತವೆ. 3 ಎಂಬಿಯ ಛಾಯಾಚಿತ್ರ ಮಾತ್ರ 15 ಎಂಬಿಯನ್ನೂ ಮೀರಬಹುದು.

ಛಾಯಾಚಿತ್ರಗಳಿಗೆ ಜೆಪೆಗ್ ಸಾಕು. ಕಂಪ್ಯೂಟರ್ ಪರದೆಯ ಚಿತ್ರ, ಲಾಂಛನ, ಅಕ್ಷರಗಳುಳ್ಳ ನಕ್ಷೆ ಹಾಗೂ ಪಾರದರ್ಶಕ ಹಿನ್ನೆಲೆ ಬೇಕಾದ ಚಿತ್ರಗಳನ್ನು ಮೊದಲಿನಿಂದಲೇ ಪಿಎನ್‌ಜಿಯಲ್ಲಿ ಉಳಿಸಬೇಕು. ಜೆಪೆಗ್ ಚಿತ್ರವನ್ನು ಹಲವು ಬಾರಿ ತಿದ್ದುವುದಿದ್ದರೆ ಮಾತ್ರ ಪರಿವರ್ತನೆಗೆ ಅರ್ಥವಿದೆ: ಪ್ರತಿ ಬಾರಿ ಉಳಿಸುವಾಗಲೂ ಆಗುವ ಹೊಸ ನಷ್ಟ ತಪ್ಪುತ್ತದೆ. ಕಳೆದುಹೋದ ವಿವರವೇ ಬೇಕಿದ್ದರೆ, ವಾಟ್ಸ್‌ಆ್ಯಪ್‌ನಲ್ಲಿ ಬಂದ ಪ್ರತಿಯನ್ನು ಬಿಟ್ಟು ಛಾಯಾಗ್ರಾಹಕರಲ್ಲಿ ಮೂಲ ಕಡತವನ್ನೇ ಕೇಳಿ ಪಡೆಯಬೇಕು.